ಹಂದಿ ಹಿಡಿದರೆ ಮೆದುಳು ಜ್ವರ ನಿಲ್ಲುತ್ತಾ?

ಮೆದುಳು ಜ್ವರದ ಸುದ್ದಿ ಬಂದಾಗಲೆಲ್ಲ ಬೆರಳು ಹಂದಿ ಸಾಕುವವರ ಕಡೆಗೇ ತಿರುಗುತ್ತೆ. ಇದು ಅರ್ಧ ಸತ್ಯ ಅನ್ನೋದು ನನ್ನ ವಾದ.

ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನ ಮೂಲ ನೆಲೆ ಬೆಳ್ಳಕ್ಕಿ, ಕೊಕ್ಕರೆಯಂಥ ನೀರಹಕ್ಕಿಗಳು. ಭತ್ತದ ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ಅದನ್ನು ಹಂದಿಗೆ ದಾಟಿಸುತ್ತೆ. ಹಂದಿಯ ರಕ್ತದಲ್ಲಿ ಕೆಲವು ದಿನ ವೈರಸ್ ವಿಪರೀತ ಹೆಚ್ಚುತ್ತೆ, ಆಗ ಕಚ್ಚಿದ ಸೊಳ್ಳೆಗಳು ಸೋಂಕು ಹೊತ್ತು ಹಾರುತ್ತವೆ. ಹಂದಿಗಳನ್ನು ಸಾಗಿಸಿದರೂ ಹಕ್ಕಿ-ಸೊಳ್ಳೆಯ ಚಕ್ರ ಉಳಿದೇ ಇರುತ್ತೆ.

ಮನುಷ್ಯರ ರಕ್ತದಲ್ಲಿ ಮಾತ್ರ ಸೊಳ್ಳೆಗೆ ಸೋಂಕು ದಾಟಿಸುವಷ್ಟು ವೈರಸ್ ಇರೋದಿಲ್ಲ. ಹಾಗಾಗಿ ಮಗುವಿನಿಂದ ಮಗುವಿಗೆ ಇದು ಹರಡದು. ಇದಕ್ಕೆ ಇನ್ನೊಂದು ಮುಖವಿದೆ: ಊರಿನ 100 ಮಕ್ಕಳಲ್ಲಿ 90 ಮಕ್ಕಳಿಗೆ ಲಸಿಕೆ ಹಾಕಿದರೂ, ಉಳಿದ 10 ಮಕ್ಕಳಿಗೆ ಅದರಿಂದ ರಕ್ಷಣೆ ಸಿಗದು.

ಸೋಂಕು ತಗುಲಿದ ಹೆಚ್ಚಿನ ಮಕ್ಕಳಿಗೆ ಏನೂ ಆಗೋದಿಲ್ಲ. ಆದರೆ ಆ ಹತ್ತರಲ್ಲಿ ಒಂದು ಮಗುವಿನ ಮೆದುಳಿಗೆ ವೈರಸ್ ಇಳಿಯಿತು ಅಂತಿಟ್ಟುಕೊಳ್ಳಿ. ಸೊಳ್ಳೆ ಕಚ್ಚಿದ 5ರಿಂದ 15 ದಿನಕ್ಕೆ ಜ್ವರ, ತಲೆನೋವು, ವಾಂತಿ. ಕೆಲವೇ ದಿನದಲ್ಲಿ ಫಿಟ್ಸ್, ಆಮೇಲೆ ಪ್ರಜ್ಞೆ ತಪ್ಪುತ್ತೆ. ವೈರಸ್ ಕೊಲ್ಲುವ ಔಷಧ ಇಲ್ಲ. ವೈದ್ಯರು ಫಿಟ್ಸ್, ಉಸಿರಾಟ, ಮೆದುಳಿನ ಊತ ನೋಡಿಕೊಳ್ಳಬಹುದಷ್ಟೇ. ಹೀಗೆ ಮೆದುಳಿಗೆ ಇಳಿದವರಲ್ಲಿ 100ಕ್ಕೆ 20ರಿಂದ 30 ಮಂದಿ ಸಾಯುತ್ತಾರೆ. ಬದುಕಿದ ಹಲವರಿಗೆ ಕೈಕಾಲಿನ ಬಿಗಿತ, ಮಾತು-ಕಲಿಕೆಯ ತೊಂದರೆ ಉಳಿಯುತ್ತೆ.

2005ರಲ್ಲಿ ಗೋರಖಪುರದ ಸುತ್ತ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆಯೇ, 2006ರಲ್ಲಿ ಸರ್ಕಾರದ ಲಸಿಕೆ ಅಭಿಯಾನ ಶುರುವಾಗಿದ್ದು. ಈಗ ಈ ರೋಗವಿರುವ ಜಿಲ್ಲೆಗಳಲ್ಲಿ 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಕೊಡಬೇಕು. ಎರಡನೆಯದು ತಪ್ಪಿದ ಮಕ್ಕಳೆಷ್ಟು? ಹಂದಿಗಿಂತ ಮೊದಲು ಆ ಲೆಕ್ಕ ಕೇಳೋಣ.