ಹತ್ತು ವರ್ಷ, ಅದೇ ಮೇಜು

ಜಿಲ್ಲಾ ಮಟ್ಟದ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಸಹೋದ್ಯೋಗಿಗಳ ಸೇವಾ ಪುಸ್ತಕ ಬರೆಯುವುದು, ಜ್ಯೇಷ್ಠತಾ ಪಟ್ಟಿ ತಯಾರಿಸುವುದು, ಬಡ್ತಿಯ ಕಡತ ಮಂಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಹತ್ತು ವರ್ಷದಿಂದ ಒಂದೇ ಹುದ್ದೆಯಲ್ಲಿ ಕುಳಿತವರು ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಿದ್ದ ಪ್ರಶ್ನೆ ಒಂದೇ: “ಸರ್, ನನ್ನದು ಯಾವಾಗ?” ಕೆಲಸ ಬಿಟ್ಟು ಬೇರೆ ಕಡೆ ಹೋಗುವ ಯೋಚನೆ ಇವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಮನೆ ಸಾಲ, ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ ಎಲ್ಲ ಇದೇ ಊರಿನಲ್ಲಿ. ಸರ್ಕಾರಿ ಕೆಲಸ ಬಿಡುವ ಮಾತಂತೂ ದೂರ. ಇದ್ದಲ್ಲೇ ಇದ್ದು ಏನು ಮಾಡಬಹುದು ಎಂಬುದೇ ಅವರ ನಿಜವಾದ ಪ್ರಶ್ನೆ.

ಕರ್ನಾಟಕ ಸರ್ಕಾರ ಈ ಹತ್ತು ವರ್ಷದ ನಿಲುಗಡೆಯನ್ನು ಬಹಳ ಹಿಂದೆಯೇ ಗುರುತಿಸಿದೆ. 1983ರ ಕಾಲಬದ್ಧ ಮುಂಬಡ್ತಿ ನಿಯಮಗಳ ಪ್ರಕಾರ, ಒಂದೇ ಹುದ್ದೆಯಲ್ಲಿ ಬಡ್ತಿಯಿಲ್ಲದೆ ಹತ್ತು ವರ್ಷ ಪೂರೈಸಿದವರಿಗೆ ಮುಂದಿನ ವೇತನ ಶ್ರೇಣಿ ಸಿಗುತ್ತದೆ. ಹದಿನೈದು ವರ್ಷಕ್ಕೆ 1991ರ ನಿಯಮಗಳಲ್ಲಿ ಇನ್ನೊಂದು ಅವಕಾಶವಿದೆ. ಕೇಂದ್ರ ಸರ್ಕಾರದ ನೌಕರರಿಗೂ ಆರನೇ ವೇತನ ಆಯೋಗದ ನಂತರ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳಿಗೆ ಇಂಥದ್ದೇ ಏರ್ಪಾಡು ಬಂತು. ಕಚೇರಿಯಲ್ಲಿ ಇದನ್ನು “ಹತ್ತು ವರ್ಷದ ಬಡ್ತಿ” ಎಂದೇ ಕರೆಯುತ್ತಾರೆ. ಆ ಮಾತೇ ದಾರಿ ತಪ್ಪಿಸುತ್ತದೆ. ಇದರಿಂದ ಸಂಬಳ ಏರುತ್ತದೆ, ಹುದ್ದೆಯ ಹೆಸರು ಬದಲಾಗುವುದಿಲ್ಲ. ಮಾಡುವ ಕೆಲಸವೂ ಅದೇ, ಜ್ಯೇಷ್ಠತಾ ಪಟ್ಟಿಯಲ್ಲಿನ ಜಾಗವೂ ಅದೇ.

2024ರ ಆಗಸ್ಟ್‌ನಿಂದ ಜಾರಿಗೆ ಬಂದ ಶ್ರೇಣಿಗಳನ್ನೇ ನೋಡಿ. ದ್ವಿತೀಯ ದರ್ಜೆ ಸಹಾಯಕರ ಶ್ರೇಣಿ 34,100 ರೂಪಾಯಿಂದ ಶುರುವಾಗುತ್ತದೆ. ಪಟ್ಟಿಯಲ್ಲಿ ಅದರ ಮೇಲಿನದು 37,500. ಪ್ರಥಮ ದರ್ಜೆ ಸಹಾಯಕರದು 44,425. ನಡುವೆ 41,300ರ ಇನ್ನೊಂದು ಶ್ರೇಣಿಯಿದೆ. ಅಂದರೆ ನಿಜವಾದ ಬಡ್ತಿ ಮೂರು ಮೆಟ್ಟಿಲು ಮೇಲಿದೆ, ಹತ್ತು ವರ್ಷದ ಸೌಲಭ್ಯ ಒಂದು ಮೆಟ್ಟಿಲು ಹತ್ತಿಸುತ್ತದೆ. ಅದು ನ್ಯಾಯವಾಗಿ ಬರಬೇಕಾದ ಹಣ, ಖಂಡಿತ ಪಡೆಯಬೇಕು. ಆದರೆ ನಿಂತಲ್ಲೇ ನಿಂತಿದ್ದೇನೆ ಎಂಬ ಸಂಕಟಕ್ಕೆ ಅದು ಮದ್ದಲ್ಲ.

ನನಗೆ ಈ ವಿಷಯವನ್ನು ಸರಿಯಾಗಿ ಕಲಿಸಿದವರು ನಮ್ಮದೇ ಕಚೇರಿಯ ಒಬ್ಬ ದ್ವಿತೀಯ ದರ್ಜೆ ಸಹಾಯಕಿ. 2009ರಲ್ಲಿ ಸೇರಿದವರು. ಸೇರಿದಂದಿನಿಂದ ಟಪಾಲು ಶಾಖೆ. ಬಂದ ಪತ್ರಗಳನ್ನು ಆವಕ ವಹಿಯಲ್ಲಿ ದಾಖಲಿಸುವುದು, ಶಾಖೆಗಳಿಗೆ ಹಂಚುವುದು, ಹೋಗುವ ಪತ್ರಗಳಿಗೆ ಜಾವಕ ಸಂಖ್ಯೆ ಹಾಕುವುದು. ಯಾವ ಪತ್ರ ಯಾವ ಶಾಖೆಯಲ್ಲಿದೆ ಎಂದು ವಹಿ ತೆರೆಯದೆ ಹೇಳುತ್ತಿದ್ದರು. 2021ರಲ್ಲಿ ಒಂದು ಮಧ್ಯಾಹ್ನ ನನ್ನ ಎದುರು ಬಂದು ಕುಳಿತರು. ಹತ್ತು ವರ್ಷದ ಸೌಲಭ್ಯಕ್ಕೆ 2019ರಲ್ಲೇ ಅರ್ಜಿ ಕೊಟ್ಟಿದ್ದರಂತೆ, ಎರಡು ವರ್ಷವಾದರೂ ಆದೇಶವಿಲ್ಲ. ಅವರಿಗಿಂತ ನಂತರ ಸೇರಿದ ಇಬ್ಬರಿಗೆ ಅಷ್ಟರಲ್ಲಿ ಸಿಕ್ಕಿತ್ತು. “ಹೇಳೋರು ಕೇಳೋರು ಇಲ್ಲದವರಿಗೆ ಇಷ್ಟೇ ಅಲ್ವಾ ಸರ್” ಅಂದರು. ಎರಡು ವರ್ಷ ಆ ಒಂದು ನಂಬಿಕೆಯಲ್ಲೇ ಮೌನವಾಗಿದ್ದರು.

ಕಡತ ತೆಗೆಸಿ ನೋಡಿದೆ. ಇಲಾಖಾ ಪರೀಕ್ಷೆ ತೇರ್ಗಡೆಯಾದ ವಿವರ ಇಲ್ಲ ಎಂಬ ಟಿಪ್ಪಣಿಯೊಂದಿಗೆ ಅದು ಹಿಂದಿರುಗಿ, ನಮ್ಮದೇ ಶಾಖೆಯ ಕಪಾಟಿನಲ್ಲಿ ಮಲಗಿತ್ತು. ಅವರು ಪರೀಕ್ಷೆ ಬರೆದದ್ದು ನಿಜ, ಲೆಕ್ಕಪತ್ರದ ವಿಷಯದಲ್ಲಿ ಎರಡನೇ ಪ್ರಯತ್ನಕ್ಕೆ ಪಾಸಾದದ್ದೂ ನಿಜ. ಲೋಕಸೇವಾ ಆಯೋಗ ಪ್ರಕಟಿಸಿದ ಫಲಿತಾಂಶದಲ್ಲಿ ಅವರ ನೋಂದಣಿ ಸಂಖ್ಯೆ ಇತ್ತು. ಅದನ್ನು ಸೇವಾ ಪುಸ್ತಕದಲ್ಲಿ ಯಾರೂ ನಮೂದಿಸಿರಲಿಲ್ಲ, ಅಷ್ಟೆ. ತಪ್ಪು ನಮ್ಮ ಶಾಖೆಯದು. ಹೇಳಲು ನನಗೆ ನಾಚಿಕೆಯಾಯಿತು, ಆದರೂ ಹೇಳಿದೆ. ಫಲಿತಾಂಶದ ಪ್ರತಿ ಇಟ್ಟು, ಸೇವಾ ಪುಸ್ತಕದಲ್ಲಿ ದಾಖಲಿಸಿ, ಕಡತ ಮತ್ತೆ ಮಂಡಿಸಿದೆವು. ಅರ್ಹತೆಯ ದಿನಾಂಕದಿಂದಲೇ ಆದೇಶವಾಯಿತು, ಬಾಕಿ ಹಣವೂ ಬಂತು.

ಇದರ ಜೊತೆಗೇ ಇನ್ನೊಂದು ಅಪಾಯ ಕಣ್ಣಿಗೆ ಬಿತ್ತು. ಆ ವರ್ಷದ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಯಲ್ಲೂ ಅವರ ಹೆಸರಿನ ಮುಂದೆ ಪರೀಕ್ಷೆಯ ಅಂಕಣ ಖಾಲಿ. ತಾತ್ಕಾಲಿಕ ಪಟ್ಟಿ ಹೊರಡಿಸುವುದೇ ಆಕ್ಷೇಪಣೆ ಕೇಳಲು. ಅದಕ್ಕೆ ಗಡುವು ಇರುತ್ತದೆ, ಗಡುವು ಮುಗಿದ ಮೇಲೆ ಅಂತಿಮ ಪಟ್ಟಿ ಬರುತ್ತದೆ, ಇಲಾಖಾ ಬಡ್ತಿ ಸಮಿತಿಯ ಮುಂದೆ ಹೋಗುವುದು ಅಂತಿಮ ಪಟ್ಟಿ. ಬಡ್ತಿ ಸಿಗಲೇಬೇಕು ಎನ್ನುವುದು ನೌಕರನ ಹಕ್ಕಲ್ಲ, ಬಡ್ತಿಗೆ ಪರಿಗಣಿಸಬೇಕು ಎನ್ನುವುದು ಹಕ್ಕು. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಪಟ್ಟಿಯಲ್ಲಿ ತಪ್ಪಿದ್ದರೆ ಆ ಹಕ್ಕೇ ಕೈತಪ್ಪುತ್ತದೆ. ಆಕ್ಷೇಪಣೆಯನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗುವವರೇ ಹೆಚ್ಚು. ಬರೆದು ಕೊಡಬೇಕು, ಸ್ವೀಕೃತಿ ಪಡೆಯಬೇಕು. ಅವರು ಹಾಗೇ ಮಾಡಿದರು, ಅಂಕಣ ತುಂಬಿತು.

ಕಾಗದಪತ್ರದ ಗಂಟು ಬಿಚ್ಚಿದ ಮೇಲೆ ಉಳಿದದ್ದು ಲೆಕ್ಕ. ಇದನ್ನು ಮಾಡುವವರು ಬಹಳ ಕಡಿಮೆ, ಆದರೆ ಹತ್ತು ವರ್ಷವಾದವರು ಮಾಡಲೇಬೇಕಾದ ಲೆಕ್ಕ ಇದು. ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕುಳಿತೆವು. ನಮ್ಮ ಘಟಕದಲ್ಲಿ ಪ್ರಥಮ ದರ್ಜೆ ಸಹಾಯಕರ ಹುದ್ದೆಗಳು 60. ಆ 60 ಜನರ ಜನ್ಮದಿನಾಂಕ ಪಟ್ಟಿಯಲ್ಲೇ ಇರುತ್ತದೆ. ಅರುವತ್ತು ತುಂಬುವವರನ್ನು ಎಣಿಸಿದರೆ ಐದು ವರ್ಷದಲ್ಲಿ 12 ನಿವೃತ್ತಿ. ಅವರಲ್ಲೇ ಮೇಲಿನ ಹುದ್ದೆಗೆ ಹೋಗಬಹುದಾದವರು ಸುಮಾರು 6. ಒಟ್ಟು 18 ಜಾಗ ಖಾಲಿ. ಆದರೆ ಎಲ್ಲವೂ ಬಡ್ತಿಗೆ ಸಿಗುವುದಿಲ್ಲ, ಒಂದು ಪಾಲು ನೇರ ನೇಮಕಾತಿಗೆ. ಆ ಪಾಲು ಎಷ್ಟೆಂದು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಮೂರರಲ್ಲಿ ಎರಡು ಪಾಲು ಬಡ್ತಿಗೆ, ಅಂದರೆ 12. ಅವರ ಕ್ರಮಸಂಖ್ಯೆ 27. ಐದು ವರ್ಷಕ್ಕೆ ಹನ್ನೆರಡರಂತೆ ಹೋದರೆ ಸುಮಾರು ಹನ್ನೊಂದು ವರ್ಷ. ಮೀಸಲಾತಿಯ ರೋಸ್ಟರ್ ಬಿಂದು ಒಂದೆರಡು ವರ್ಷ ಆಚೆ ಈಚೆ ಮಾಡಬಹುದು. ಆಗ ಅವರಿಗೆ 36 ವರ್ಷ. ಬಡ್ತಿ ಬರುವ ಹೊತ್ತಿಗೆ 47.

ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ನಂತರ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. “ಹನ್ನೊಂದು ವರ್ಷ ಅಂತ ಗೊತ್ತಾಯ್ತಲ್ಲ ಸರ್, ಪ್ರತಿ ವರ್ಷ ಕಾಯೋದು ತಪ್ತು.” ಅವರ ನಿರಾಸೆ ಆ ಲೆಕ್ಕದಿಂದ ಹೆಚ್ಚಾಗಲಿಲ್ಲ. ಮುಂದಿನ ಪಟ್ಟಿಯಲ್ಲಿ ಬರಬಹುದು, ಅದರ ಮುಂದಿನದರಲ್ಲಿ ಬರಬಹುದು ಎಂಬ ಹುಸಿ ಆಸೆಯೇ ಅವರನ್ನು ಸವೆಸಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿತ್ ಬಾರ್ಡ್‌ವಿಕ್ 1986ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇಂಥ ನಿಲುಗಡೆಯನ್ನು ಬಿಡಿಸಿ ನೋಡಿದ್ದಾರೆ. ಮೇಲೆ ಜಾಗವಿಲ್ಲದೆ ನಿಲ್ಲುವುದು ಒಂದು, ಮಾಡುವ ಕೆಲಸದಲ್ಲಿ ಕಲಿಯಲು ಏನೂ ಉಳಿಯದೆ ನಿಲ್ಲುವುದು ಇನ್ನೊಂದು. ಮೊದಲನೆಯದು ನೌಕರನ ಕೈಯಲ್ಲಿಲ್ಲ. ಹುದ್ದೆಗಳು ಗೋಪುರದ ಹಾಗೆ, ಮೇಲೆ ಹೋದಂತೆ ಕಿರಿದಾಗುತ್ತವೆ. ಎರಡನೆಯದು ಸ್ವಲ್ಪ ಮಟ್ಟಿಗೆ ಕೈಯಲ್ಲಿದೆ. ನಮ್ಮ ಟಪಾಲಿನ ಸಹಾಯಕಿಗೆ ಎರಡೂ ಒಟ್ಟಿಗೆ ಆಗಿದ್ದವು. ಎಲ್ಲವನ್ನೂ ಬಡ್ತಿಯ ಲೆಕ್ಕಕ್ಕೆ ಹಾಕಿ ದುಃಖಪಡುತ್ತಿದ್ದರು. ನಿಮಗೆ ಆಗಿರುವುದು ಯಾವುದು ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಕಳೆದ ಒಂದು ವರ್ಷದಲ್ಲಿ ಕಚೇರಿಯಲ್ಲಿ ಯಾರನ್ನಾದರೂ ಕೇಳಿ ತಿಳಿಯಬೇಕಾದ ಕೆಲಸ ನಿಮ್ಮ ಮೇಜಿಗೆ ಬಂತೇ?

ಅವರು ಎರಡು ದಾರಿ ಯೋಚಿಸಿದ್ದರು. ಮೊದಲನೆಯದು ಸ್ವಂತ ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ವರ್ಗ. ನಾನು ಬೇಡವೆಂದೆ. ಜಿಲ್ಲೆಯೇ ಜ್ಯೇಷ್ಠತೆಯ ಘಟಕವಾಗಿರುವ ವೃಂದಗಳಲ್ಲಿ ಹಾಗೆ ಹೋದವರು ಹೊಸ ಜಿಲ್ಲೆಯ ಪಟ್ಟಿಯಲ್ಲಿ ಅಲ್ಲಿರುವವರ ಕೆಳಗೆ ಸೇರುತ್ತಾರೆ. ಹನ್ನೆರಡು ವರ್ಷದ ಜ್ಯೇಷ್ಠತೆ ಒಂದು ಅರ್ಜಿಯಲ್ಲಿ ಕರಗುತ್ತದೆ. ಗಂಡ ಹೆಂಡತಿ ಒಂದೇ ಊರಿನಲ್ಲಿರಬೇಕು ಎಂಬಂಥ ಕಾರಣವಿದ್ದರೆ ಆ ಬೆಲೆ ಕೊಡಬಹುದು, ಬೇಸರಕ್ಕಾಗಿ ಕೊಡಬಾರದು. ಎರಡನೆಯದು ಮೇಲಿನ ಖಾಲಿ ಹುದ್ದೆಯೊಂದರ ಪ್ರಭಾರ. ಪ್ರಭಾರದಲ್ಲಿ ಕೆಲಸ ಕಲಿಯಬಹುದು, ಜ್ಯೇಷ್ಠತೆ ಬರುವುದಿಲ್ಲ. ಹಳೆಯ ಮೇಜಿನ ಕೆಲಸವೂ ಹೋಗುವುದಿಲ್ಲ. ಎರಡರ ಹೊರೆ ಹೊತ್ತು ಕೊನೆಗೆ ಕಹಿಯಾದವರನ್ನು ನಾನು ಹಲವರನ್ನು ನೋಡಿದ್ದೇನೆ.

ಉಳಿದದ್ದು ಅದೇ ಹುದ್ದೆಯಲ್ಲಿ, ಅದೇ ಕಚೇರಿಯಲ್ಲಿ ವಿಷಯ ಬದಲಾಯಿಸುವುದು. ಅವರು ನ್ಯಾಯಾಲಯ ಪ್ರಕರಣಗಳ ವಿಷಯ ಕೇಳಿದರು. ಅಧಿಕಾರಿ ಒಪ್ಪಲಿಲ್ಲ. “ನೀವಿಲ್ಲದಿದ್ದರೆ ಟಪಾಲು ನಡೆಯೋದಿಲ್ಲ ಮೇಡಂ” ಎಂಬ ಉತ್ತರ ಬಂತು. ಚೆನ್ನಾಗಿ ಕೆಲಸ ಮಾಡುವವರು ಒಂದೇ ಮೇಜಿಗೆ ಅಂಟಿಕೊಳ್ಳುವುದು ಹೀಗೇ. ಅದಕ್ಕೆ ಜಗಳ ಪರಿಹಾರವಲ್ಲ. ಅವರು ಹೊಸದಾಗಿ ಬಂದ ಸಹಾಯಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ತಿಂಗಳು ಕಲಿಸಿದರು. ಯಾವ ಇಲಾಖೆಯ ಪತ್ರ ಯಾವ ಶಾಖೆಗೆ, ಯಾವುದಕ್ಕೆ ತುರ್ತು ಮುದ್ರೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ನಂತರ ಒಂದು ವಾರ ರಜೆ ಹಾಕಿದರು. ಟಪಾಲು ನಿಲ್ಲಲಿಲ್ಲ. ರಜೆ ಮುಗಿಸಿ ಬಂದು ಲಿಖಿತವಾಗಿ ಮನವಿ ಕೊಟ್ಟಾಗ ಅಧಿಕಾರಿಗೆ ಬೇಡವೆನ್ನಲು ಕಾರಣ ಉಳಿದಿರಲಿಲ್ಲ.

ಹೊಸ ಮೇಜು ಸುಲಭದ್ದಾಗಿರಲಿಲ್ಲ. ರಿಟ್ ಅರ್ಜಿ ಬಂದರೆ ಅದರ ಪ್ರತಿಯೊಂದು ಕಂಡಿಕೆಗೂ ಕಡತ ನೋಡಿ ಉತ್ತರ ಸಿದ್ಧಪಡಿಸಿ ಸರ್ಕಾರಿ ವಕೀಲರಿಗೆ ಕಳಿಸಬೇಕು. ದಿನಾಂಕ ತಪ್ಪಿದರೆ ವಿವರಣೆ ಕೇಳುವ ನೋಟಿಸು ವಿಷಯ ನಿರ್ವಾಹಕರಿಗೇ ಬರುತ್ತದೆ. ಮೊದಲ ಆರು ತಿಂಗಳು ಅವರು ಮನೆಗೆ ಹೋಗುವಾಗ ಮುಖ ಬಾಡಿರುತ್ತಿತ್ತು. ಒಮ್ಮೆ ಒಂದು ಪ್ರಕರಣದ ದಿನಾಂಕ ತಪ್ಪಿಯೇ ಹೋಯಿತು, ಅಧಿಕಾರಿಯಿಂದ ಬೈಗುಳವೂ ಬಂತು. ಅಂದಿನಿಂದ ಪ್ರಕರಣ ಸಂಖ್ಯೆ, ಮುಂದಿನ ದಿನಾಂಕ, ಬಾಕಿ ಇರುವ ಕೆಲಸ ಎಂಬ ಮೂರು ಅಂಕಣದ ವಹಿ ಇಟ್ಟು ಪ್ರತಿ ಸೋಮವಾರ ಬೆಳಿಗ್ಗೆ ಅದನ್ನೇ ಮೊದಲು ತೆರೆದರು. ನಮ್ಮ ಕಾನೂನು ಶಾಖೆಯ ಹಿರಿಯರೊಬ್ಬರು ಮೊದಲ ಇಪ್ಪತ್ತು ಉತ್ತರಗಳನ್ನು ತಿದ್ದಿಕೊಟ್ಟರು. ಅಂಥ ಒಬ್ಬರು ಪಕ್ಕದಲ್ಲಿಲ್ಲದಿದ್ದರೆ ಇಂಥ ವಿಷಯಕ್ಕೆ ಕೈ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಎರಡನೇ ವರ್ಷದ ಹೊತ್ತಿಗೆ ತಾಲ್ಲೂಕು ಕಚೇರಿಗಳಿಂದ ಫೋನು ನೇರವಾಗಿ ಅವರಿಗೆ ಬರತೊಡಗಿತು. ಅಧಿಕಾರಿ ಸಭೆಗೆ ಹೋಗುವ ಮುನ್ನ ಅವರನ್ನು ಕರೆದು ಕೇಳುತ್ತಿದ್ದರು. ವೃತ್ತಿಜೀವನದ ಚಲನೆ ಮೇಲಕ್ಕೆ ಮಾತ್ರವಲ್ಲ, ಅಂಚಿನಿಂದ ಕೇಂದ್ರದ ಕಡೆಗೂ ಇರುತ್ತದೆ ಎಂದು ಎಡ್ಗರ್ ಶೈನ್ 1971ರಲ್ಲೇ ಬರೆದಿದ್ದರು. ನಾನು ಅದನ್ನು ಪುಸ್ತಕದಲ್ಲಿ ಓದಿದ್ದು ಆಮೇಲೆ, ಕಣ್ಣಾರೆ ನೋಡಿದ್ದು ಮೊದಲು. ಟಪಾಲು ಶಾಖೆ ಬಾಗಿಲ ಬಳಿ, ಅವರ ಹೊಸ ಮೇಜು ಅಧಿಕಾರಿಯ ಕೋಣೆಯ ಪಕ್ಕ. ಹುದ್ದೆ ಮಾತ್ರ ಬದಲಾಗಿರಲಿಲ್ಲ.

ಈ ದಾರಿಯ ಮಿತಿಯನ್ನೂ ಹೇಳಬೇಕು. ವಿಷಯ ಬದಲಾಯಿಸಿದ್ದಕ್ಕೆ ಅವರಿಗೆ ಒಂದು ರೂಪಾಯಿ ಹೆಚ್ಚು ಸಿಗಲಿಲ್ಲ. ಹಣವೇ ಮುಖ್ಯ ತೊಂದರೆಯಾಗಿರುವವರಿಗೆ ಇದು ಉತ್ತರವಲ್ಲ. ಅಂಥವರು ಕಚೇರಿಯ ಅನುಮತಿ ಪಡೆದು ಲೋಕಸೇವಾ ಆಯೋಗದ ಮೇಲಿನ ಹುದ್ದೆಗಳ ಪರೀಕ್ಷೆ ಬರೆಯುವುದೇ ಒಳ್ಳೆಯದು.

ಈಚಿನ ಜ್ಯೇಷ್ಠತಾ ಪಟ್ಟಿಯಲ್ಲಿ ಅವರ ಕ್ರಮಸಂಖ್ಯೆ 17. ಈಗಲೂ ದ್ವಿತೀಯ ದರ್ಜೆ ಸಹಾಯಕಿಯೇ. ಪಟ್ಟಿ ಹೊರಬಿದ್ದ ದಿನವೇ ತಮ್ಮ ಸಾಲನ್ನು ಒಂದೊಂದು ಅಂಕಣವಾಗಿ ಪರಿಶೀಲಿಸಿ ಸಹಿ ಹಾಕಿದ್ದಾರೆ. ಹತ್ತು ವರ್ಷ ತುಂಬಿದ ನೌಕರ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಈ ತಿಂಗಳು ಸಿಬ್ಬಂದಿ ಶಾಖೆಗೆ ಹೋಗಿ ನಿಮ್ಮ ಸೇವಾ ಪುಸ್ತಕ ತೆಗೆಸಿ, ಮೊದಲ ಪುಟದಿಂದ ಓದಿ.