ಕೌಂಟರ್ ಆಫರ್ ಬಂದಿದೆ, ಹೊಸ ಕಂಪನಿಗೆ ಹೇಗೆ ಹೇಳೋದು?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ 90 ದಿನಗಳ ನೋಟಿಸ್ ಪೀರಿಯಡ್ ಮಾಮೂಲು. ಹೊಸ ಕಂಪನಿಯ ಆಫರ್ ಲೆಟರಿಗೆ ಸಹಿ ಹಾಕಿ ಇಲ್ಲಿ ರಾಜೀನಾಮೆ ಕೊಟ್ಟರೂ ಮೂರು ತಿಂಗಳು ಹಳೆಯ ಸೀಟಿನಲ್ಲೇ ಕೂತಿರಬೇಕು. ಅಷ್ಟು ದಿನದಲ್ಲಿ ಏನು ಬೇಕಾದರೂ ಆಗಬಹುದು. ಒಂದು ದಿನ ಮ್ಯಾನೇಜರ್ ಪಕ್ಕಕ್ಕೆ ಕರೆದು, ‘ಅಲ್ಲಿ ಎಷ್ಟು ಕೊಡ್ತಾರೆ ಹೇಳಿ, ನಾವೇ ಕೊಡ್ತೀವಿ, ಇರಿ’ ಎನ್ನುತ್ತಾರೆ. ಇದನ್ನೇ ಕೌಂಟರ್ ಆಫರ್ ಎನ್ನುವುದು. ಒಪ್ಪುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ತೊಡಕಿರುವುದು ಈ ಸುದ್ದಿಯನ್ನು ಹೊಸ ಕಂಪನಿಗೆ ತಲುಪಿಸುವುದರಲ್ಲಿ.

ಆಚೆ ಬದಿಯಲ್ಲಿ ಫೋನ್ ಎತ್ತುವ ಎಚ್‌ಆರ್ ಸ್ಥಿತಿ ಹೇಗಿರುತ್ತದೆ ನೋಡಿ. ಆಫರ್ ಒಪ್ಪಿಕೊಂಡು ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿದವರನ್ನು ಅವರು ಬೇಕಾದಷ್ಟು ಕಂಡಿರುತ್ತಾರೆ. ಒಂದು ಕಂಪನಿಯ ಲೆಟರ್ ತೋರಿಸಿ ಇನ್ನೊಂದರಲ್ಲಿ ಸಂಬಳ ಏರಿಸಿಕೊಳ್ಳುವ ‘ಆಫರ್ ಶಾಪಿಂಗ್’ ಕೂಡ ಅವರಿಗೆ ಹೊಸದಲ್ಲ. ಅದಕ್ಕೇ ನೋಟಿಸ್ ಅವಧಿಯಲ್ಲಿ ಆಗಾಗ ಫೋನ್ ಮಾಡಿ ‘ಎಲ್ಲಾ ಸರಿ ಇದೆ ತಾನೆ?’ ಎಂದು ವಿಚಾರಿಸುವುದು. ಅಂಥವರಿಗೆ ನೀವು ‘ಮೇಡಂ, ಇಲ್ಲಿ ಕೌಂಟರ್ ಆಫರ್ ಕೊಟ್ಟಿದಾರೆ...’ ಎಂದಷ್ಟೇ ಹೇಳಿ ನಿಲ್ಲಿಸಿದರೆ, ‘ನೀವೆಷ್ಟು ಸೇರಿಸ್ತೀರಿ?’ ಎಂದು ಕೇಳಿದಂತೆಯೇ. ನಿಮ್ಮ ಮನಸ್ಸಿನಲ್ಲಿ ಅದು ಇಲ್ಲದಿದ್ದರೂ ಅಷ್ಟೆ. ಅವರು ಫೋನ್ ಇಟ್ಟ ಕೂಡಲೇ ಪಟ್ಟಿಯಲ್ಲಿ ಎರಡನೆಯವರಾಗಿದ್ದ ಅಭ್ಯರ್ಥಿಗೆ ಕರೆ ಹೋಗಬಹುದು.

ಹಾಗಾದರೆ ಹೇಳಲೇಬೇಕೇ? ನನ್ನ ಪ್ರಕಾರ, ಹೊಸ ಕಂಪನಿಗೆ ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದರೆ ಹೆಚ್ಚಿನವರು ಹೇಳಬೇಕಾಗಿಯೇ ಇಲ್ಲ. ಅವರಾಗಿ ಕೇಳಿದರೆ, ಸೇರುವ ದಿನಾಂಕ ಹಿಂದೆ ಮುಂದೆ ಆಗುವಂತಿದ್ದರೆ, ಅಥವಾ ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವಂತಿದ್ದರೆ ಹೇಳಬೇಕು. ಒಂದೇ ಟೆಕ್ ಪಾರ್ಕಿನ ಎರಡು ಕಟ್ಟಡಗಳ ನಡುವೆ ಕಂಪನಿ ಬದಲಿಸುವ ಊರು ಇದು. ಇಂಥ ಮಾತು ಕ್ಯಾಂಟೀನಿನಲ್ಲೇ ಕೈ ಬದಲಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವರ್ಷಕ್ಕೆ 14 ಲಕ್ಷ ಸಿಟಿಸಿ ಇರುವ ಒಬ್ಬ ಟೆಸ್ಟಿಂಗ್ ಇಂಜಿನಿಯರ್. ಹೊಸ ಕಂಪನಿ 18 ಲಕ್ಷಕ್ಕೆ ಆಫರ್ ಕೊಟ್ಟಿದೆ, ಅವಳು ಸಹಿ ಹಾಕಿದ್ದಾಳೆ. ರಾಜೀನಾಮೆ ಕೊಟ್ಟು ತಿಂಗಳಾದ ಮೇಲೆ ಹಳೆಯ ಕಂಪನಿ 19 ಲಕ್ಷ ಎನ್ನುತ್ತದೆ. ಮೇಲ್ನೋಟಕ್ಕೆ ಒಂದು ಲಕ್ಷ ಜಾಸ್ತಿ. ಬಿಡಿಸಿ ನೋಡಿದರೆ ಲೆಕ್ಕವೇ ಬೇರೆ. ಹೊಸ ಆಫರಿನಲ್ಲಿ ಫಿಕ್ಸೆಡ್ ಸಂಬಳ ಹದಿನಾರೂವರೆ ಲಕ್ಷ, ವೇರಿಯಬಲ್ ಒಂದೂವರೆ. ಕೌಂಟರಿನಲ್ಲಿ ಫಿಕ್ಸೆಡ್ ಹದಿನೈದೂವರೆ, ವೇರಿಯಬಲ್ ಒಂದೂವರೆ, ಉಳಿದ ಎರಡು ಲಕ್ಷ ರಿಟೆನ್ಷನ್ ಬೋನಸ್. ಅದು ಒಂದೇ ಸಲ ಬರುವ ಹಣ. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕೆಂಬ ಷರತ್ತೂ ಜೊತೆಗಿದೆ. ಮುಂದಿನ ವರ್ಷ ಹಳೆಯ ಕಂಪನಿಯದ್ದು 17 ಲಕ್ಷ, ಹೊಸದರದ್ದು 18. ಕೆಲವರಿಗೆ ಗ್ರಾಚ್ಯುಟಿಯ ಲೆಕ್ಕವೂ ಇರುತ್ತದೆ. ಕಾಯಂ ನೌಕರರಿಗೆ ಅದು ಸಿಗಲು ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು, ನಾಲ್ಕು ವರ್ಷ ದಾಟಿದವರು ಅದನ್ನೂ ಕೂಡಿ ಕಳೆದು ನೋಡಬೇಕು. ನಮ್ಮ ಇಂಜಿನಿಯರಿಗೆ ಆ ಗೊಡವೆ ಇಲ್ಲ. ಹೋಗುವುದೆಂದು ತೀರ್ಮಾನಿಸುತ್ತಾಳೆ.

ಇನ್ನು ಮುಂದಿನದೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರ ಮೇಲೆ ನಿಂತಿದೆ. ಮೊದಲು ಅವಳು ಹಳೆಯ ಮ್ಯಾನೇಜರಿಗೆ ಬರವಣಿಗೆಯಲ್ಲಿ, ಮೇಲ್ ಮೂಲಕ, ಕೌಂಟರ್ ಆಫರ್ ಬೇಡ ಎನ್ನಬೇಕು. ಕೊನೆಯ ಕೆಲಸದ ದಿನ ಯಾವುದೆಂದು ಅಲ್ಲಿನ ಎಚ್‌ಆರ್ ಕಡೆಯಿಂದ ಖಚಿತ ಮಾಡಿಕೊಳ್ಳಬೇಕು. ಹೊಸ ಕಂಪನಿಗೆ ಫೋನ್ ಮಾಡುವುದು ಅದಾದ ಮೇಲೆಯೇ. ಬೇಡ ಎಂದು ಮುಗಿಸಿ ಬಂದ ಆಫರನ್ನು ಚೌಕಾಸಿಗೆ ಬಳಸಲು ಬರುವುದಿಲ್ಲ, ಇದು ಎಚ್‌ಆರ್‌ಗೂ ಗೊತ್ತು. ನೂರು ಸಲ ‘ನಾನು ಬಾರ್ಗೇನ್ ಮಾಡ್ತಿಲ್ಲ’ ಎಂದರೂ ಹುಟ್ಟದ ನಂಬಿಕೆ ಇದರಿಂದ ಹುಟ್ಟುತ್ತದೆ. ಅಂದಹಾಗೆ, ಆ ವಾಕ್ಯವನ್ನು ಬಾಯಿಗೇ ತರಬೇಡಿ. ಅದನ್ನು ಕೇಳಿದವರಿಗೆ ಮೊದಲು ಹೊಳೆಯುವುದೇ ಬಾರ್ಗೇನ್.

ಫೋನಿನಲ್ಲಿ ಅವಳು ಹೇಳಬೇಕಾದದ್ದು ಇಷ್ಟು: ‘ಮೇಡಂ, ಒಪ್ಪಿಕೊಂಡ ಹಾಗೆ ಒಂದನೇ ತಾರೀಖು ಜಾಯಿನ್ ಆಗ್ತಿದೀನಿ, ಅದರಲ್ಲಿ ಏನೂ ಬದಲಾವಣೆ ಇಲ್ಲ. ಇಲ್ಲಿ ಇರಿ ಅಂತ ಕೌಂಟರ್ ಆಫರ್ ಕೊಟ್ಟಿದ್ರು, ನಿನ್ನೆ ಮೇಲ್‌ನಲ್ಲೇ ಬೇಡ ಅಂದೆ. ಬೇರೆ ಕಡೆಯಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದೀನಿ. ಲಾಸ್ಟ್ ವರ್ಕಿಂಗ್ ಡೇ ಕನ್ಫರ್ಮ್ ಆಗಿದೆ, ಅದರ ಮೇಲ್ ನಿಮಗೂ ಕಳಿಸ್ತೀನಿ.’

ಇಲ್ಲಿ ತೀರ್ಮಾನ ಮೊದಲ ವಾಕ್ಯದಲ್ಲೇ ಬಂತು, ಕೌಂಟರ್ ಆಫರಿನ ಸುದ್ದಿ ಅದರ ಹಿಂದೆ. ಇವೆರಡನ್ನು ಅದಲು ಬದಲು ಮಾಡಿದರೆ ಮೊದಲರ್ಧ ಕೇಳುವಷ್ಟರಲ್ಲಿ ಅವರ ಮನಸ್ಸು ಲೆಕ್ಕ ಹಾಕಲು ಶುರು ಮಾಡಿರುತ್ತದೆ. ಮೊತ್ತದ ಮಾತನ್ನು ಅವಳು ಎತ್ತಲೇ ಇಲ್ಲ. ‘ಎಷ್ಟು ಕೊಟ್ಟಿದ್ರು?’ ಎಂದು ಅವರೇ ಕೇಳಿದರೆ, ‘ನಿಮ್ಮ ಆಫರಿಗೆ ಹತ್ತಿರ ಹತ್ತಿರ ಇತ್ತು, ನಾನು ಬರ್ತಿರೋದು ಕೆಲಸದ ಸಲುವಾಗಿ’ ಎಂದರೆ ಸಾಕು. ಆ ಕೆಲಸ ಯಾವುದೆಂದು ಒಂದು ಮಾತಿನಲ್ಲಿ ಹೇಳುವಂತಿರಬೇಕು. ಮ್ಯಾನ್ಯುಯಲ್ ಟೆಸ್ಟಿಂಗ್ ಬಿಟ್ಟು ಆಟೊಮೇಷನ್‌ಗೆ ಹೋಗುವುದು, ಉದಾಹರಣೆಗೆ. ಹಳೆಯ ಕಂಪನಿಯ ಕೌಂಟರ್ ಲೆಟರನ್ನು ಫಾರ್ವರ್ಡ್ ಮಾಡುವುದಂತೂ ಬೇಡ. ಅದು ಗೋಪ್ಯ ಪತ್ರ ಎನ್ನುವುದು ಒಂದು ಕಡೆ, ಅದನ್ನು ನೋಡಿದ ಎಚ್‌ಆರ್‌ಗೆ ನಾಳೆ ತಮ್ಮ ಲೆಟರಿನ ಗತಿಯೂ ಇದೇ ಅನಿಸುವುದು ಇನ್ನೊಂದು ಕಡೆ.

ಮನಸ್ಸು ಇನ್ನೂ ತೂಗುತ್ತಿದ್ದರೆ ಆಗ ವಿಷಯ ಬೇರೆ. ಆಫರಿಗೆ ಇನ್ನೂ ಸಹಿ ಹಾಕಿಲ್ಲ, ಸ್ವಲ್ಪ ಹೆಚ್ಚು ಸಿಕ್ಕರೆ ಖಂಡಿತ ಹೋಗುತ್ತೇನೆ ಎಂದಿದ್ದರೆ ಅದನ್ನು ಮಾಹಿತಿ ಎಂಬಂತೆ ತೇಲಿಬಿಡಬೇಡಿ, ನೇರವಾಗಿ ಕೇಳಿ. ‘ಇಲ್ಲಿ ಇರಿ ಅಂತಿದಾರೆ. ನನಗೆ ನಿಮ್ಮಲ್ಲಿಗೆ ಬರೋಕೆ ಇಷ್ಟ. ಫಿಕ್ಸೆಡ್ ಹದಿನೇಳು ಆಗುತ್ತೆ ಅಂದ್ರೆ ಇವತ್ತೇ ಸಹಿ ಹಾಕಿ, ಇಲ್ಲಿ ಬೇಡ ಅಂತ ಬರೆದುಕೊಡ್ತೀನಿ. ಆಗಲ್ಲ ಅಂದ್ರೂ ನಾಳೆ ಸಂಜೆಯೊಳಗೆ ನನ್ನ ಉತ್ತರ ಹೇಳ್ತೀನಿ.’ ಇದು ಚೌಕಾಸಿಯೇ, ಆದರೆ ಮುಚ್ಚುಮರೆಯಿಲ್ಲದ್ದು. ಒಂದೇ ಅಂಕಿ, ಒಂದೇ ಸಲ. ಸಂಬಳ ಏರಿಸಲು ಎಚ್‌ಆರ್ ಮೇಲಿನವರ ಅನುಮತಿ ಪಡೆಯಬೇಕು, ಅದೇ ಟೀಮಿನಲ್ಲಿ ಅಷ್ಟೇ ಅನುಭವ ಇರುವವರ ಸಂಬಳದ ಜೊತೆ ಹೋಲಿಸಿ ಉತ್ತರ ಕೊಡಬೇಕು. ಖಚಿತವಾದ ಮೊತ್ತವಿಲ್ಲದೆ ಅವರು ಯಾರ ಬಳಿಯೂ ಹೋಗಿ ಕೇಳಲಾರರು. ಸಹಿ ಹಾಕಿದ ಮೇಲೆ ಮಾತ್ರ ಈ ದಾರಿ ಹಿಡಿಯಬಾರದು ಎನ್ನುವುದು ನನ್ನ ಅಭಿಪ್ರಾಯ. ಆಗ ಎಷ್ಟೇ ಮೆತ್ತಗೆ ಕೇಳಿದರೂ ಕೊಟ್ಟ ಮಾತನ್ನು ಹಿಂದಕ್ಕೆ ಎಳೆದಂತೆಯೇ ಕಾಣುತ್ತದೆ. ‘ಮನೆಯಲ್ಲಿ ಯೋಚನೆ ಮಾಡ್ತಿದಾರೆ’ ಎಂದು ಅಪ್ಪ ಅಮ್ಮನನ್ನು ಮುಂದೆ ಬಿಡುವವರಿದ್ದಾರೆ. ಎಚ್‌ಆರ್‌ಗಳಿಗೆ ಅದರ ಅರ್ಥವೂ ಗೊತ್ತು.

ಉಳಿದುಕೊಳ್ಳುವುದೆಂದು ತೀರ್ಮಾನಿಸಿದರೆ ಅದೇ ದಿನ ಹೇಳಿಬಿಡಿ, ಮೊದಲು ಫೋನಿನಲ್ಲಿ, ಆಮೇಲೆ ಮೇಲ್‌ನಲ್ಲಿ. ‘ಎಷ್ಟಾದರೆ ಬರ್ತೀರಿ?’ ಎಂದು ಅವರೇ ಕೇಳಿಯಾರು. ಆಗ ಮೊತ್ತ ಹೇಳಿದಿರೋ, ಅದುವರೆಗೆ ಆಡಿದ್ದೆಲ್ಲ ನಾಟಕ ಎಂದಾಗುತ್ತದೆ. ‘ಹಣದ ಮಾತಲ್ಲ, ತೀರ್ಮಾನ ಆಗಿದೆ’ ಎಂದು ಅಲ್ಲಿಗೇ ನಿಲ್ಲಿಸಬೇಕು. ಸೇರುವ ಮೊದಲೇ ಜಾಯಿನಿಂಗ್ ಬೋನಸ್, ಲ್ಯಾಪ್‌ಟಾಪ್ ಏನಾದರೂ ಬಂದಿದ್ದರೆ ಎಂದು ಹಿಂದಿರುಗಿಸುತ್ತೀರಿ ಎನ್ನುವುದನ್ನೂ ಆ ಮೇಲ್‌ನಲ್ಲೇ ಬರೆಯಿರಿ.