ದ್ರವದಲ್ಲಿ ಅರ್ಧ, ಆವಿಯಲ್ಲಿ ಮುಕ್ಕಾಲು

ಒಂದು ಸೀಸೆಗೆ 78 ಗ್ರಾಂ ಬೆಂಜೀನ್, 92 ಗ್ರಾಂ ಟೊಲ್ಯೂಯಿನ್ ಸುರಿದು ಮುಚ್ಚಳ ಬಿಗಿದಿಟ್ಟಿದ್ದೇವೆ ಎಂದುಕೊಳ್ಳಿ. ತೂಕ ಬೇರೆಯಾದರೂ ಎರಡೂ ಒಂದೊಂದು ಮೋಲ್, ಅಂದರೆ ಅಣುಗಳ ಸಂಖ್ಯೆ ಸಮ. ಹಾಗಾದರೆ ಸೀಸೆಯ ಮೇಲ್ಭಾಗದಲ್ಲಿ ತುಂಬಿಕೊಳ್ಳುವ ಆವಿಯಲ್ಲೂ ಅವು ಅರ್ಧರ್ಧ ಇರುತ್ತವೆಯೇ? ಇರುವುದಿಲ್ಲ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಬೆಂಜೀನಿನ ಆವಿಯೊತ್ತಡ ಸುಮಾರು 95 ಮಿಲಿಮೀಟರ್ ಪಾದರಸ, ಟೊಲ್ಯೂಯಿನ್‌ನದು 28. ಬೆರೆಸಿದಾಗ ದ್ರವದಲ್ಲಿರುವ ಅಣುಗಳಲ್ಲಿ ಅರ್ಧದಷ್ಟು ಮಾತ್ರ ಬೆಂಜೀನ್, ಹಾಗಾಗಿ ಅದರ ಒತ್ತಡವೂ ಅರ್ಧಕ್ಕಿಳಿದು 47.5 ಆಗುತ್ತದೆ. ಟೊಲ್ಯೂಯಿನ್‌ನದು 14. ಪ್ರತಿ ಘಟಕದ ಒತ್ತಡ ದ್ರವದಲ್ಲಿ ಅದರ ಮೋಲ್ ಭಿನ್ನಾಂಶಕ್ಕೆ ತಕ್ಕಂತೆ ಇಳಿಯುತ್ತದೆ ಎಂಬ ಈ ನಿಯಮವನ್ನು 1880ರ ದಶಕದಲ್ಲಿ ಕಂಡುಕೊಂಡವರು ಫ್ರಾನ್ಸಿನ ಗ್ರೆನೋಬಲ್‌ನ ರಸಾಯನ ವಿಜ್ಞಾನಿ ಫ್ರಾಂಸ್ವಾ ಮರಿ ರೌಲ್ಟ್.

ಮುಂದಿನದು ಬರೀ ಕೂಡಿಸಿ ಭಾಗಿಸುವ ಲೆಕ್ಕ. ಒಟ್ಟು ಒತ್ತಡ 61.5. ಅದರಲ್ಲಿ ಬೆಂಜೀನಿನ ಪಾಲು 47.5. ಭಾಗಿಸಿದರೆ 0.77. ದ್ರವದಲ್ಲಿ ಅರ್ಧವಿದ್ದ ಬೆಂಜೀನ್ ಆವಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು! ಈ ಆವಿಯನ್ನು ತಣಿಸಿ ದ್ರವ ಮಾಡಿ, ಮತ್ತೆ ಅದೇ ತಾಪದಲ್ಲಿ ಆವಿಯಾಗಲು ಬಿಟ್ಟರೆ ಪಾಲು 0.92ಕ್ಕೇರುತ್ತದೆ. ಭಟ್ಟಿ ಇಳಿಸಿ ಬೇರ್ಪಡಿಸುವ ಗೋಪುರಗಳು ಇದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಡುತ್ತವೆ. ಇಲ್ಲಿ ಗ್ರಾಂಗಳನ್ನೇ ಹಾಕಿ ಲೆಕ್ಕ ಮಾಡಿದರೆ ಉತ್ತರ ತಪ್ಪುತ್ತದೆ. ಮೊದಲು ಮೋಲ್‌ಗೆ ತಿರುಗಿಸಿಕೊಳ್ಳಲೇಬೇಕು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಲೆಕ್ಕ. ಬಣ್ಣದ ಥಿನ್ನರ್, ಅಂಟುಗಳಲ್ಲಿ ಬಳಸುವ ಟೊಲ್ಯೂಯಿನ್‌ನಲ್ಲಿ ನೂರಕ್ಕೊಂದು ಅಣು ಬೆಂಜೀನ್ ಸೇರಿಕೊಂಡಿದೆ ಎನ್ನೋಣ. ಬೆಂಜೀನಿನ ಒತ್ತಡ 0.95, ಟೊಲ್ಯೂಯಿನ್‌ನದು 27.7. ಈ ಎರಡರ ಮೊತ್ತದಲ್ಲಿ ಬೆಂಜೀನ್ ಶೇ. 3.3. ದ್ರವದಲ್ಲಿದ್ದುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಗಾಳಿಯ ಒತ್ತಡ 760 ಇರುವಲ್ಲಿ 0.95 ಎಂದರೆ, ಡಬ್ಬಿಯೊಳಗಿನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 1,250 ಬೆಂಜೀನಿನವು. ರಕ್ತದ ಕ್ಯಾನ್ಸರಿಗೆ ಕಾರಣವಾಗುವ ಈ ವಸ್ತುವಿಗೆ ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ ಎಂಟು ಗಂಟೆಯ ಕೆಲಸದಲ್ಲಿ ಒಪ್ಪುವ ಸರಾಸರಿ ಮಿತಿ ಹತ್ತು ಲಕ್ಷಕ್ಕೆ ಒಂದು. ಕಿಟಕಿ ತೆರೆದ ಕೋಣೆಯ ಗಾಳಿ ಡಬ್ಬಿಯ ಮಟ್ಟ ಮುಟ್ಟುವುದಿಲ್ಲ, ನಿಜ. ಆದರೆ ಡಬ್ಬಿಯ ಬಾಯಿಗೆ ಮೂಗಿಟ್ಟು ನೋಡುವ ಅಭ್ಯಾಸ ಬಿಡಲು ಇಷ್ಟು ಸಾಕು.

ಈ ಲೆಕ್ಕ ನೇರವಾಗಿ ಕೂಡಿಬರಲು ಕಾರಣವಿದೆ. ಬೆಂಜೀನ್, ಟೊಲ್ಯೂಯಿನ್ ರಚನೆಯಲ್ಲಿ ಹತ್ತಿರದವು; ಪಕ್ಕದ ಅಣು ಯಾವುದಿದ್ದರೂ ಸೆಳೆತ ಹೆಚ್ಚುಕಡಿಮೆ ಒಂದೇ. ಎಥನಾಲ್ ಮತ್ತು ನೀರಿನ ವಿಷಯದಲ್ಲಿ ಹಾಗಲ್ಲ. ತಲಾ 50 ಮಿಲಿಲೀಟರ್ ಬೆರೆಸಿದರೆ 100 ಆಗದೆ ಸುಮಾರು 96ಕ್ಕೆ ಕುಗ್ಗುತ್ತದೆ, ಪಾತ್ರೆಯೂ ಬೆಚ್ಚಗಾಗುತ್ತದೆ. ಮಿಶ್ರಣ ಆದರ್ಶವಲ್ಲ ಎನ್ನುವುದಕ್ಕೆ ಇವೇ ಗುರುತು. ಅಲ್ಲಿ ತೂಕದಲ್ಲಿ ಎಥನಾಲ್ ಶೇ. 95.6 ತಲುಪಿದಾಗ ಆವಿಯ ಸಂಯೋಜನೆ ದ್ರವದ್ದೇ ಆಗಿಬಿಡುತ್ತದೆ. ಸಾಮಾನ್ಯ ಒತ್ತಡದಲ್ಲಿ ಎಷ್ಟು ಸಲ ಭಟ್ಟಿ ಇಳಿಸಿದರೂ ಉಳಿದ ನೀರು ಬಿಟ್ಟುಹೋಗದು.